ಕಾಗದದಕ್ಕನ ಸಹಿ

ಆ ಈಜು ಅಕಾಡೆಮಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮಕ್ಕಳಿಗೆ, ಮಕ್ಕಳ ತಾಯಂದಿರಿಗೆ, ನೀರು ಶುದ್ಧಮಾಡುವ ಮೆಷಿನ್ ನೋಡಿಕೊಳ್ಳುವವನಿಗೆ, ಎಲ್ಲರಿಗೂ ಅವಳು ಕಾಗದದಕ್ಕ. ಹತ್ತೊಂಬತ್ತು ವರ್ಷದಿಂದ ಕೊಳದ ಪಕ್ಕದ ಗಾಜಿನ ಕೋಣೆಯಲ್ಲಿ ಕೂತು ಕಾಗದ ಬರೆಯುವುದೇ ಅವಳ ಕೆಲಸ. ಸ್ಪರ್ಧೆಗೆ ಹೋಗುವ ಮಕ್ಕಳಿಗೆ ಶಾಲೆಯಿಂದ ರಜೆ ಕೇಳುವ ಕಾಗದ, ನೀರಿನ ಪೈಪು ಒಡೆದಾಗ ಪುರಸಭೆಗೆ ಕಾಗದ, ಫಿಲ್ಟರ್ ಕಂಪನಿಗೆ ಬೈಗುಳದ ಕಾಗದ. ಬೈಗುಳವನ್ನೂ ಎಷ್ಟು ನಯವಾಗಿ ಬರೆಯುತ್ತಿದ್ದಳೆಂದರೆ, ಓದಿದವರು ಬೈಸಿಕೊಂಡೆವೋ ಹೊಗಳಿಸಿಕೊಂಡೆವೋ ತಿಳಿಯದೆ ಎರಡು ದಿನ ಕೂತಿದ್ದು ಮೂರನೇ ದಿನ ರಿಪೇರಿಗೆ ಬರುತ್ತಿದ್ದರು.

ಈ ವಿದ್ಯೆ ಅವಳಿಗೆ ಹುಡುಗಿಯಾಗಿದ್ದಾಗಿನಿಂದಲೇ ಇತ್ತು. ಬೀದಿಯಲ್ಲಿ ಯಾರಿಗೆ ಅರ್ಜಿ ಬೇಕಾದರೂ ಅವಳ ಮನೆ ಬಾಗಿಲಿಗೆ ಬರಬೇಕು. ಅವಳ ಬರಹಕ್ಕೆ ಕಲ್ಲೂ ಕರಗುತ್ತದೆ ಎಂದು ಅವಳಪ್ಪ ಹೇಳಿಕೊಂಡು ತಿರುಗುತ್ತಿದ್ದ. ಅಪ್ಪ ಹೊಗಳಿದರೆ ಮಕ್ಕಳು ಕೆಡುತ್ತಾರೆ ಅನ್ನುವ ಮಾತಿದೆ. ಕಾಗದದಕ್ಕ ಕೆಡಲಿಲ್ಲ, ಆದರೆ ತನ್ನ ನಾಲ್ಕು ಸಾಲಿನ ಬಗ್ಗೆ ಅವಳಿಗೆ ಒಂದಿಷ್ಟು ಜಂಬ ಬಂದದ್ದು ನಿಜ. ಗಂಡನಿಗೆ ಕನ್ನಡಕದಂಗಡಿ. ಅವನು ಅವಳ ಜಂಬವನ್ನು ದಿನಕ್ಕೊಮ್ಮೆ ಕೆಣಕದೆ ಊಟಕ್ಕೆ ಕೂರುವವನಲ್ಲ.

ಈ ವರ್ಷ ಹಿರಿಯ ತರಬೇತುದಾರರು ಮಂಡಿನೋವು ತಾಳಲಾರದೆ ಕೆಲಸ ಬಿಟ್ಟರು. ಅದೇ ಹೊತ್ತಿಗೆ ಈಜು ಸಂಘದಿಂದ ಒಂದು ಸುತ್ತೋಲೆ ಬಂತು. ಮಕ್ಕಳ ರಕ್ಷಣೆಗೆ ನಿಯಮಾವಳಿ ಇಲ್ಲದ, ಅದಕ್ಕೊಬ್ಬ ಅಧಿಕಾರಿ ಇಲ್ಲದ ಅಕಾಡೆಮಿಯ ಮಕ್ಕಳನ್ನು ಮುಂದಿನ ಸ್ಪರ್ಧೆಗಳಿಗೆ ಸೇರಿಸುವುದಿಲ್ಲ ಎಂದು. ಅಕಾಡೆಮಿಯ ಯಜಮಾನರು ಸುತ್ತೋಲೆಯನ್ನು ಅವಳ ಮೇಜಿನ ಮೇಲೆ ಹಾಕಿದರು.

“ಇಡೀ ದಿನ ಇಲ್ಲೇ ಕೂತಿರ್ತೀರಲ್ಲಮ್ಮ, ನೀವೇ ಆಗಿಬಿಡಿ ಆ ಅಧಿಕಾರಿ,” ಅಂದರು.

ಹೀಗೆ, ಹತ್ತೊಂಬತ್ತು ವರ್ಷದಲ್ಲಿ ಸಿಗದ ಬಡ್ತಿ ಅವಳಿಗೆ ನಿಂತ ನಿಲುವಿನಲ್ಲಿ ಸಿಕ್ಕಿತು.

ಸಂಘದವರು ಎರಡು ದಿನ ತರಬೇತಿ ಕೊಟ್ಟರು. ಸಾಲು ಕುರ್ಚಿಗಳ ಸಭಾಂಗಣ, ಬೋರ್ಡಿನ ಮುಂದೆ ನರೆಗೂದಲಿನ ಹೆಂಗಸೊಬ್ಬರು. ಮೊದಲ ದಿನ ಕಾಗದದಕ್ಕ ಎಲ್ಲವನ್ನೂ ಚೆಂದವಾಗಿ ಬರೆದುಕೊಂಡಳು. ಎರಡನೇ ದಿನ ಆ ಹೆಂಗಸು ಹೇಳಿದರು: “ಮಕ್ಕಳಿಗೆ ತೊಂದ್ರೆ ಕೊಡೋನು ಗೋಡೆ ಹಾರಿ ಬರಲ್ಲ. ಅರ್ಜಿ ಹಾಕಿ, ಸಂದರ್ಶನ ಕೊಟ್ಟು, ಮುಂಬಾಗಿಲಿಂದಾನೇ ಬರ್ತಾನೆ. ಅವನ ಕೈಲಿ ಹಿಂದಿನ ಜಾಗದವರು ಕೊಟ್ಟ ಒಳ್ಳೇ ಕಾಗದ ಇರುತ್ತೆ. ಯಾಕೆ ಕೊಡ್ತಾರೆ? ತಮ್ಮ ಮನೆಯಿಂದ ತೊಲಗಿದ್ರೆ ಸಾಕು ಅಂತ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಕಾಗದದಕ್ಕನ ಪೆನ್ನು ಅಲ್ಲೇ ನಿಂತಿತು. ಆಮೇಲೆ ಆ ಹೆಂಗಸು ಏನು ಹೇಳಿದರೋ ಅವಳ ಪುಸ್ತಕದಲ್ಲಿ ಇಲ್ಲ.

ಎಂಟು ವರ್ಷದ ಹಿಂದೆ ಅಕಾಡೆಮಿಯಲ್ಲಿ ಒಬ್ಬ ತರಬೇತುದಾರನಿದ್ದ. ಸದಾ ಕೊರಳಲ್ಲಿ ಸೀಟಿ ನೇತಾಡುತ್ತಿದ್ದುದರಿಂದ ಸೀಟಿ ಮಾಸ್ತರ ಎಂದೇ ಹೆಸರು. ಹನ್ನೊಂದು ವರ್ಷದ ಒಂದು ಹುಡುಗಿ, ಬೆನ್ನೀಜಿನಲ್ಲಿ ಚೂಟಿ, ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿತು. ಒಂದು ಮಧ್ಯಾಹ್ನ ಆ ಹುಡುಗಿಯ ಸೋದರತ್ತೆ ಗಾಜಿನ ಕೋಣೆಗೆ ಬಂದಳು. ಕೂರು ಅಂದರೆ ಕೂರಲಿಲ್ಲ. ತರಬೇತಿ ಮುಗಿದ ಮೇಲೆ ಮಾಸ್ತರ ಮಗುವನ್ನೊಂದನ್ನೇ ಸಾಮಾನಿನ ಕೋಣೆಗೆ ಕರೆದುಕೊಂಡು ಹೋಗುತ್ತಾನೆ, ಮಗು ಈಗ ಸ್ನಾನದ ಮನೆಯ ಬಾಗಿಲು ಹಾಕಲೂ ಹೆದರುತ್ತದೆ ಎಂದಷ್ಟೇ ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಂದಳು: “ಪೊಲೀಸು ಗಿಲೀಸು ಬೇಡ. ಮಗು ಹೆಸರು ಹೊರಗೆ ಬರೋದು ಬೇಡ. ಅವನು ಇಲ್ಲಿಂದ ಹೋದ್ರೆ ಸಾಕು.”

ಯಜಮಾನರು ಅವನನ್ನು ಒಂದೇ ವಾರದಲ್ಲಿ ಕಳಿಸಿದರು. ಆದರೆ ಅವನು ಒಳ್ಳೆಯ ಕಾಗದ ಕೊಡದೆ ಹೋಗುವುದಿಲ್ಲ ಎಂದು ಕೂತ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಹಾವಿಗೂ ಕೋಲಿಗೂ ನಡುವೆ ಸಾಗುವಂಥ ಕಾಗದ ಬರೆಯಲು ಊರಲ್ಲಿ ಒಬ್ಬಳೇ ಇದ್ದಳು, ಬರೆದಳು. ನಾಲ್ಕೇ ಸಾಲು. ಯಜಮಾನರು ಓದಿ, “ನಿಮ್ಮ ಕೈಗೆ ಬಂಗಾರದ ಬಳೆ ಹಾಕಬೇಕಮ್ಮ,” ಅಂದು ಸಹಿ ಮಾಡಿದರು. ಎರಡು ತಿಂಗಳ ಮೇಲೆ ಬೇರೆ ಊರಿನ ಕ್ರೀಡಾ ಕೇಂದ್ರವೊಂದರಿಂದ ಫೋನ್ ಬಂತು, ಈ ಕಾಗದ ನಿಮ್ಮದೇನಾ ಎಂದು. “ತಾರೀಖು ಸರಿಯಾಗಿದೆ ಸಾರ್. ಅದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ,” ಅಂದಳು ಕಾಗದದಕ್ಕ. ಆ ಕಡೆಯವರು ಥ್ಯಾಂಕ್ಸ್ ಹೇಳಿ ಇಟ್ಟರು.

ಅಂದಿನಿಂದ ಆ ಊರಿನ ಹೆಸರು ಎಲ್ಲಿ ಕಂಡರೂ ಅವಳು ಪೇಪರಿನ ಪುಟ ಮಗುಚುತ್ತಿದ್ದಳು. ಮರೆತಿದ್ದಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಗಂಟಲಲ್ಲಿ ಸಿಕ್ಕ ಮುಳ್ಳನ್ನು ಹಾಗೇ ಇಟ್ಟುಕೊಂಡು ಎಂಟು ವರ್ಷ ಉಣ್ಣುವುದನ್ನು ಕಲಿತಿದ್ದಳು, ಅಷ್ಟೆ.

ತರಬೇತಿಯಿಂದ ಬಂದ ಮಾರನೇ ದಿನ ಜಾಹೀರಾತು ಬರೆಯಲು ಕೂತಳು. ಹಿಂದಿನ ಜಾಹೀರಾತು ಎರಡೇ ಸಾಲಿನದು: ಅನುಭವಿ ಈಜು ತರಬೇತುದಾರರು ಬೇಕಾಗಿದ್ದಾರೆ, ಖುದ್ದಾಗಿ ಬಂದು ಕಾಣುವುದು. ಈ ಸಲ ಒಂದು ಪುಟವಾಯಿತು. ಮೊದಲು ಕರ್ತವ್ಯಗಳು: ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಬೆಳಿಗ್ಗೆ ಸಂಜೆ ತರಬೇತಿ, ವಾರವಾರದ ಪಾಠದ ಯೋಜನೆ, ಹಾಜರಿ, ನೀರಿಗಿಳಿಯುವ ಮುಂಚೆ ಒಮ್ಮೆ ನೀರಿನಿಂದ ಎದ್ದ ಮೇಲೆ ಒಮ್ಮೆ ತಲೆ ಎಣಿಕೆ, ತಿಂಗಳಿಗೊಮ್ಮೆ ಪೋಷಕರ ಭೇಟಿ. ಆಮೇಲೆ ಅರ್ಹತೆ: ಮಾನ್ಯತೆ ಪಡೆದ ತರಬೇತಿ ಪ್ರಮಾಣಪತ್ರ, ಚಾಲ್ತಿಯಲ್ಲಿರುವ ಜೀವರಕ್ಷಕ ಪ್ರಮಾಣಪತ್ರ, ಪ್ರಥಮ ಚಿಕಿತ್ಸೆ, ಮಕ್ಕಳಿಗೆ ಕಲಿಸಿದ ಮೂರು ವರ್ಷದ ಅನುಭವ.

ಮೂರನೇ ಭಾಗಕ್ಕೆ ಬಂದಾಗ ಅವಳು ನಯವನ್ನು ಕೆಳಗಿಟ್ಟಳು. ಪೊಲೀಸ್ ಪರಿಶೀಲನೆ ಕಡ್ಡಾಯ. ಕೆಲಸವಿಲ್ಲದೆ ಇದ್ದ ಅವಧಿಗೆ ಕಾರಣ ಬರೆಯಬೇಕು. ಮುಚ್ಚಿದ ಬಾಗಿಲ ಹಿಂದೆ ಮಗುವಿನೊಂದಿಗೆ ಒಬ್ಬರೇ ಇರುವಂತಿಲ್ಲ. ಮಕ್ಕಳು ಬಟ್ಟೆ ಬದಲಿಸುವ ಕೋಣೆಗೆ ಹೋಗುವಂತಿಲ್ಲ. ಮಕ್ಕಳಿಗೆ ಖಾಸಗಿಯಾಗಿ ಮೆಸೇಜ್ ಕಳಿಸುವಂತಿಲ್ಲ. ಏನಾದರೂ ಅನುಮಾನ ಬಂದರೆ ಅದೇ ದಿನ ತಿಳಿಸಬೇಕು. ಹಿಂದೆ ಮಕ್ಕಳ ಜೊತೆ ಕೆಲಸ ಮಾಡಿದ ಜಾಗಕ್ಕೆ ನಾವೇ ಫೋನ್ ಮಾಡಿ ವಿಚಾರಿಸುತ್ತೇವೆ. ಮಕ್ಕಳ ರಕ್ಷಣಾಧಿಕಾರಿಯ ಸಹಿಯಿಲ್ಲದೆ ನೇಮಕವಿಲ್ಲ.

“ಇದೇನಮ್ಮ, ಕೆಲಸಕ್ಕೆ ಕರೀತಿದ್ದೀವಾ, ಹೆದರಿಸಿ ಓಡಿಸ್ತಿದ್ದೀವಾ?” ಅಂದರು ಯಜಮಾನರು. ಅವರು ಗಮನವಿಟ್ಟು ಓದುವುದು ಸ್ಟಾಪ್‌ವಾಚ್ ಒಂದನ್ನೇ. ಮೇಲಿನ ನಾಲ್ಕು ಸಾಲು ನೋಡಿ ಸಹಿ ಹಾಕಿದರು. ಜಾಹೀರಾತು ಪೇಪರಿನಲ್ಲಿ ಬಂತು, ಗೇಟಿನಲ್ಲೂ ಅಂಟಿತು. ತಾಯಂದಿರು ಫೋಟೋ ತೆಗೆದು ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿ, ನೋಡಿದಿರಾ ನಮ್ಮ ಅಕಾಡೆಮಿ ಅಂತ ಬೀಗಿದರು. ಕಾಗದದಕ್ಕನಿಗೂ ಎರಡು ದಿನ ಸಮಾಧಾನವಾಗಿತ್ತು. ಹಳೆಯ ಪಾಪವನ್ನು ಹೊಸ ನಿಯಮದಿಂದ ತೊಳೆಯಬಹುದು ಎಂದು ಮನುಷ್ಯರಿಗೆ ಅನ್ನಿಸುತ್ತದೆ. ಪಾಪ, ಅನ್ನಿಸಲಿ ಬಿಡಿ.

ಹನ್ನೊಂದು ಅರ್ಜಿ ಬಂದವು. ನಾಲ್ವರಿಗೆ ಪ್ರಮಾಣಪತ್ರವಿಲ್ಲ, ಮೂವರ ಜೀವರಕ್ಷಕ ಪತ್ರದ ಅವಧಿ ಮುಗಿದಿದೆ, ಒಬ್ಬ ತಾನು ಗೆದ್ದ ಪದಕಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ಫೋಟೋ ಕಳಿಸಿದ್ದ, ಅರ್ಜಿಯನ್ನೇ ಕಳಿಸಿರಲಿಲ್ಲ. ಉಳಿದ ಮೂವರಲ್ಲಿ ಒಬ್ಬ ಎದ್ದು ಕಂಡ. ಮೂವತ್ತೈದರ ಆಸುಪಾಸು, ಎಲ್ಲ ಕಾಗದ ಸರಿ, ಮಾತು ಮೆಲು. ಪರೀಕ್ಷೆಗೆಂದು ಅವನನ್ನು ಕೊಳದ ಬಳಿ ನಿಲ್ಲಿಸಿದಾಗ, ಎರಡು ತಿಂಗಳಿಂದ ನೀರಿಗೆ ಮುಖ ತಾಗಿಸಲು ಒಪ್ಪದ ಮಗುವೊಂದು ಹತ್ತೇ ನಿಮಿಷದಲ್ಲಿ ಮುಳುಗಿ ಎದ್ದು ನಕ್ಕಿತು. ಕಾಗದದಕ್ಕನೂ ಗಾಜಿನ ಹಿಂದೆ ನಕ್ಕಳು. ಇವನೇ ಆಗಲಿ ಅಂದುಕೊಂಡಳು.

“ಸೋಮವಾರದಿಂದ ಶಿಬಿರ. ಇವತ್ತೇ ಆ ಫೋನ್ ಶಾಸ್ತ್ರ ಮುಗಿಸಿಬಿಡಿ,” ಅಂದರು ಯಜಮಾನರು.

ಅವನು ಹಿಂದೆ ಕೆಲಸ ಮಾಡಿದ, ಇನ್ನೊಂದು ಊರಿನ ಕ್ರೀಡಾ ಕೇಂದ್ರಕ್ಕೆ ಅವಳು ಫೋನ್ ಮಾಡಿದಳು. ಎತ್ತಿದ್ದು ಹೆಣ್ಣುದನಿ, ಅಲ್ಲಿನ ಆಫೀಸಿನವಳು. ಕಾಗದದಕ್ಕ ಹೆಸರು ಹೇಳಿ ಕೇಳಿದಳು.

“ತಾರೀಖು ಎಲ್ಲ ಸರಿ ಇದೆ ಮೇಡಂ.”

“ಮಕ್ಕಳ ಜೊತೆ ಹೇಗಿದ್ರು?”

“ಅದಕ್ಕಿಂತ ಜಾಸ್ತಿ ನಾನು ಹೇಳಂಗಿಲ್ಲ ಮೇಡಂ.”

ಕಾಗದದಕ್ಕ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ತರಬೇತಿಯಲ್ಲಿ ಕೊಟ್ಟ ನಮೂನೆಯ ಕೊನೆಯ ಪ್ರಶ್ನೆ ಮುಂದಿತ್ತು, ಓದಿದಳು: “ಅವರನ್ನ ಮತ್ತೆ ನಿಮ್ಮಲ್ಲಿ ಕೆಲಸಕ್ಕೆ ತಗೋತೀರಾ?”

ಆ ಕಡೆ ಫ್ಯಾನ್ ತಿರುಗುವ ಸದ್ದು ಕೇಳಿಸಿತು. ಯಾರೋ ಬಾಗಿಲು ತೆಗೆದು ಹಾಕಿದರು. “ಮೇಡಂ, ಕಾಗದ ಕೊಟ್ಟಿದೀವಲ್ಲ,” ಅಂದು ದನಿ ಇಳಿಸಿ ಅವಳು ಫೋನ್ ಇಟ್ಟಳು.

ಬೇರೆ ಯಾರಾದರೂ ಆಗಿದ್ದರೆ, ಪಾಪ, ನಿಯಮ ಇರಬಹುದು ಅನ್ನುತ್ತಿದ್ದರು. ಎಷ್ಟೋ ಕಡೆ ನಿಜವಾಗಿಯೂ ನಿಯಮ ಇರುತ್ತದೆ. ಆದರೆ ಆ ಮಾತನ್ನು ಯಾವ ದನಿಯಲ್ಲಿ ಹೇಳುತ್ತಾರೆ, ಹೇಳುವಾಗ ನಾಲಿಗೆ ಎಲ್ಲಿ ಒಣಗುತ್ತದೆ ಎಂಬುದು ಕಾಗದದಕ್ಕನಿಗೆ ಗೊತ್ತಿತ್ತು. ಅವಳು ಡಬ್ಬಿ ಬಿಚ್ಚಿದಳು, ಉಣ್ಣಲಾಗಲಿಲ್ಲ, ಮುಚ್ಚಿದಳು. ನಮೂನೆಯಲ್ಲಿ “ವಿಚಾರಿಸಲಾಗಿದೆ” ಎಂಬ ಚೌಕಕ್ಕೆ ಒಂದು ಗುರುತು ಹಾಕಿ ಸಹಿ ಮಾಡಿದರೆ ಮುಗಿಯಿತು. ಸುಳ್ಳೂ ಆಗುತ್ತಿರಲಿಲ್ಲ, ವಿಚಾರಿಸಿದ್ದಳಲ್ಲ. ಮುಕ್ಕಾಲು ಗಂಟೆ ಕೂತಿದ್ದು ಮತ್ತೆ ಫೋನ್ ಮಾಡಿದಳು.

“ನೋಡು ತಂಗೀ, ಇಡಬೇಡ. ನಾನು ಅಧಿಕಾರಿ ಅಂತ ಮಾತಾಡ್ತಿಲ್ಲ. ಎಂಟು ವರ್ಷದ ಹಿಂದೆ ಇಲ್ಲೂ ಒಬ್ಬನಿದ್ದ. ಒಂದು ಮಗು ಮನೆಯವರು ಬಂದು ಹೇಳಿದ್ರು. ನಾವು ಅವನಿಗೆ ಚೆನ್ನಾಗಿರೋ ಕಾಗದ ಕೊಟ್ಟು ಕಳಿಸಿದ್ವಿ. ಬರೆದಿದ್ದು ನಾನೇ. ಫೋನ್ ಬಂದಾಗ ನೀನು ಈಗ ಹೇಳಿದ್ಯಲ್ಲ, ಅದನ್ನೇ ಹೇಳಿದ್ದೆ. ಗಂಡನಿಗೂ ಇದನ್ನ ಹೇಳಿಲ್ಲ, ನಿನಗೆ ಹೇಳ್ತಿದೀನಿ.”

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ, “ನಿಮ್ಮ ಮೊಬೈಲ್ ನಂಬರ್ ಕೊಡಿ ಅಕ್ಕ. ಹೊರಗೆ ಹೋಗಿ ಮಾಡ್ತೀನಿ.”

ಹತ್ತು ನಿಮಿಷಕ್ಕೆ ಬಂತು. ಮೆಟ್ಟಿಲ ಮೇಲೆ ನಿಂತಿದ್ದಳೋ ಏನೋ, ದನಿ ಗವಿಯಲ್ಲಿ ಮಾತಾಡಿದಂತಿತ್ತು. ಒಬ್ಬಳಲ್ಲ, ಇಬ್ಬರು ಹುಡುಗಿಯರಿಗೆ ಅವನು ಮೆಸೇಜ್ ಕಳಿಸುತ್ತಿದ್ದ. ಒಬ್ಬಳ ತಾಯಿ ಮೊಬೈಲ್ ತಂದು ತೋರಿಸಿದಳು. ಅದರಲ್ಲಿದ್ದುದನ್ನು ಈ ಆಫೀಸಿನ ಹುಡುಗಿ ಓದಿದ್ದಳು, ಬಾಯಿಬಿಟ್ಟು ಹೇಳಲಾರಳು. ಅಲ್ಲಿನ ಯಜಮಾನರು ಅವನಿಂದ ರಾಜೀನಾಮೆ ಬರೆಸಿಕೊಂಡರು. “ಕಾಗದ ಟೈಪ್ ಮಾಡಿದ್ದು ನಾನೇ ಅಕ್ಕ. ನನ್ನ ಹೆಸರು ಬರಬಾರದು. ನನಗೂ ಮನೆ ಇದೆ,” ಅಂದು ಅತ್ತಳು.

ಕಾಗದದಕ್ಕ ಮಕ್ಕಳ ಸಹಾಯವಾಣಿಯ ನಂಬರು ಕೊಟ್ಟಳು. ಹೆಸರು ಹೇಳದೆಯೂ ತಿಳಿಸಬಹುದು ಎಂದಳು. “ತನಿಖೆ ನಮ್ಮ ಕೆಲಸ ಅಲ್ಲ ತಂಗೀ. ಹೇಳೋದು ಮಾತ್ರ ನಮ್ಮ ಕೆಲಸ. ನಾನಂತೂ ಹೇಳ್ತೀನಿ.”

ಸಹಿಯಿಲ್ಲದ ನಮೂನೆಯನ್ನು ಯಜಮಾನರ ಮುಂದಿಟ್ಟಾಗ ಅವರ ಮುಖ ಗಂಟಿಕ್ಕಿತು.

“ಯಾರೋ ಏನೋ ಅಂದ್ರು ಅಂತ ಒಬ್ಬನ ಹೊಟ್ಟೆ ಮೇಲೆ ಹೊಡೀತೀರಾ? ಸಾಕ್ಷಿ ಇದೆಯಾ?”

“ಅವನು ಕಳ್ಳ ಅಂತ ನಾನು ಹೇಳ್ತಿಲ್ಲ ಸಾರ್. ನಾನು ಸಹಿ ಹಾಕಲ್ಲ ಅಂತಿದೀನಿ.”

“ಹಾಕದಿದ್ರೆ ಬಿಡಿ, ನಾನೇ ಹಾಕ್ತೀನಿ.”

“ನಿಮ್ಮ ಸಹಿ ಇರೋ ಜಾಹೀರಾತು ಗೇಟಲ್ಲಿದೆ. ಕೊನೇ ಸಾಲು ಓದಿ. ಪೇರೆಂಟ್ಸ್ ಎಲ್ಲರ ಮೊಬೈಲಲ್ಲೂ ಇದೆ.”

ಯಜಮಾನರು ಎದ್ದು ಹೋಗಿ ಗೇಟಿನ ಮುಂದೆ ನಿಂತು, ತಾವೇ ಸಹಿ ಮಾಡಿದ್ದನ್ನು ಮೊದಲ ಸಲ ಪೂರ್ತಿ ಓದಿದರು. ವಾಪಸು ಬಂದಾಗ ಕೂಗಲಿಲ್ಲ. ಕುರ್ಚಿಯಲ್ಲಿ ಕೂತು ಮೆಲ್ಲಗೆ ಅಂದರು: “ಅವನು ಬೇಡ, ಆಯ್ತು. ಆದ್ರೆ ಒಂದು ಮಾತು ನೆನಪಿರಲಿ ಅಮ್ಮ. ಹಳೇದನ್ನ ಕೆದಕೋಕೆ ಹೋದ್ರೆ ಆ ಕಾಗದ ಬರೆದವರು ಯಾರು ಅಂತ ಎಲ್ಲರೂ ಕೇಳ್ತಾರೆ. ನಾನು ಸಹಿ ಹಾಕಿದೋನು, ತಪ್ಪು ತಿಳುವಳಿಕೆ ಅಂತೀನಿ. ಆ ಅತ್ತೆ ಬಂದು ಅತ್ತಿದ್ದು ನಿಮ್ಮ ಎದುರಿಗೆ.”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು.

ಆ ದಿನ ಸಂಜೆ ಕನ್ನಡಕದಂಗಡಿಗೆ ಹೋಗಿ ಗಂಡನ ಎದುರಿನ ಸ್ಟೂಲಿನ ಮೇಲೆ ಕೂತಳು. “ಏನು, ಇವತ್ತು ಗಿರಾಕಿಯಾಗಿ ಬಂದಿರಾ? ಹತ್ತಿರದ್ದು ಕಾಣಲ್ವಾ, ದೂರದ್ದಾ?” ಅಂದ ಅವನು. ಅವಳು ಎಲ್ಲ ಹೇಳಿದಳು, ದೂರು ಕೊಡಬೇಕೆಂದಿರುವುದನ್ನೂ. ಅವನು ಒರೆಸುತ್ತಿದ್ದ ಗಾಜನ್ನು ಒರೆಸುತ್ತಲೇ ಇದ್ದ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನಿಗೆ ಹಾಸ್ಯ ಹೊಳೆಯಲಿಲ್ಲ.

“ಎಂಟು ವರ್ಷ ನನ್ನ ಪಕ್ಕದಲ್ಲಿ ಕೂತು ಉಂಡಿದ್ದೀಯ,” ಅಂದ ಕೊನೆಗೆ. ಬೈದನೋ ಮರುಗಿದನೋ ಅವಳಿಗೆ ತಿಳಿಯಲಿಲ್ಲ. “ಕೆಲಸ ಹೋಗುತ್ತಾ?”

“ಹೋಗುತ್ತೆ. ಬೀದಿಯಲ್ಲಿ ಮುಖ ಎತ್ತೋದೂ ಕಷ್ಟ ಆಗುತ್ತೆ.”

“ಆ ಮಗು ಈಗ ಎಲ್ಲಿದೆ?”

“ಗೊತ್ತಿಲ್ಲ. ನಾನು ಕೇಳ್ಲೇ ಇಲ್ಲ.” ಅಷ್ಟು ಹೇಳಿ ಅವಳು ಅಂಗಡಿಯ ಕನ್ನಡಿಗಳ ನಡುವೆ ಬಿಕ್ಕಿ ಬಿಕ್ಕಿ ಅತ್ತಳು. ಅವನು ಅಂಗಡಿ ಬಾಗಿಲು ಅರ್ಧ ಎಳೆದ.

ಮಾರನೇ ದಿನ ಬೆಳಿಗ್ಗೆ, ಮೊದಲ ತಂಡದ ಮಕ್ಕಳು ನೀರಿನಲ್ಲಿದ್ದಾಗ, ಅವಳು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ದೂರು ಬರೆದಳು. ಹೊಸಬನ ವಿಷಯ ಒಂದು ಹಾಳೆ, ಅವಳಿಗೆ ತಿಳಿದಷ್ಟು. ಸೀಟಿ ಮಾಸ್ತರನದು ಇನ್ನೊಂದು. ಎರಡನೆಯದರಲ್ಲಿ ಚೆಂದದ ಮಾತು ಒಂದೂ ಬರಲಿಲ್ಲ. “ಆತ ಈಗ ಕೆಲಸ ಮಾಡುವ ಸ್ಥಳ” ಎಂಬಲ್ಲಿಗೆ ಬಂದು ನಿಂತಳು. ಎಂಟು ವರ್ಷ ಪುಟ ಮಗುಚಿ ದಾಟಿದ್ದ ಆ ಊರಿಗೆ ಫೋನ್ ಮಾಡಿದಳು.

ಎತ್ತಿದವರು ವಯಸ್ಸಾದವರು, ಅಲ್ಲಿನ ಗುಮಾಸ್ತರು. ಮಾತುಗಾರರು. “ಅವರಾ? ಬಿಟ್ಟು ಹೋಗಿ ನಾಲ್ಕು ವರ್ಷ ಆಯ್ತಲ್ಲಮ್ಮ.”

“ಯಾಕೆ ಬಿಟ್ರು?”

“ಏನೋಮ್ಮ, ಮಕ್ಕಳ ವಿಷಯ. ಮೂರು ಮನೆಯವರು ಬಂದು ಗಲಾಟೆ ಮಾಡಿದ್ರು. ದೊಡ್ಡದು ಮಾಡೋದು ಬೇಡ ಅಂತ ನಮ್ಮವರು ಮುಗಿಸಿದ್ರು.”

ಮೂರು. ಕಾಗದದಕ್ಕ ಹಾಳೆಯ ಅಂಚಿನಲ್ಲಿ ಆ ಅಂಕಿ ಬರೆದುಕೊಂಡಳು. “ಕಾಗದ ಕೊಟ್ರಾ ಅವನಿಗೆ?”

“ಕೊಡದೆ ಬಿಡ್ತಾನಾ? ಆದ್ರೆ ನನಗೆ ಅಂಥದ್ದೆಲ್ಲ ಬರೆಯೋಕೆ ಬರಲ್ಲಮ್ಮ. ಫೈಲಲ್ಲಿ ಅವನು ಮುಂಚೆ ತಂದಿದ್ದ ಕಾಗದ ಇತ್ತು. ಯಾರು ಬರೆದಿದ್ರೋ, ಏನು ಬರಹ ಅಂತೀರಿ! ಮೇಲಿನ ಹೆಸರು, ತಾರೀಖು ಬದಲಾಯಿಸಿ ಅದನ್ನೇ ಇಳಿಸಿಬಿಟ್ಟೆ. ಇರಿ, ಇಲ್ಲೇ ಇದೆ.” ಕಾಗದ ಮಗುಚುವ ಸದ್ದು. ಕೆಮ್ಮಿ ಗಂಟಲು ಸರಿಮಾಡಿಕೊಂಡು ಅವರು ಓದಿದರು: “ಇವರು ನಮ್ಮ ಸಂಸ್ಥೆಯ ಮಕ್ಕಳೊಂದಿಗೆ ಬಹು ಆತ್ಮೀಯವಾಗಿ ಬೆರೆತು ಕೆಲಸ ಮಾಡಿದ್ದಾರೆ. ತರಬೇತಿಯ ವೇಳೆ ಮುಗಿದ ಮೇಲೂ ಮಕ್ಕಳಿಗಾಗಿ ಸಮಯ ಕೊಟ್ಟಿದ್ದಾರೆ. ಸ್ವಇಚ್ಛೆಯಿಂದ ನಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ. ಇವರು ಹೋದಲ್ಲೆಲ್ಲ ಇವರಿಗೆ ಒಳಿತಾಗಲಿ.”

ಗಾಜಿನ ಆಚೆ ಮಕ್ಕಳು ಒಬ್ಬರ ಹಿಂದೆ ಒಬ್ಬರು ನೀರಿಗೆ ಧುಮುಕುತ್ತಿದ್ದರು.

“ಅಲ್ಲಿಂದ ಎಲ್ಲಿಗೆ ಹೋದ, ಗೊತ್ತಾ?” ಎಂದು ಕೇಳಿದಳು ಕಾಗದದಕ್ಕ.

“ಯಾರಿಗೆ ಗೊತ್ತಮ್ಮ. ಇಂಥ ಕಾಗದ ಕೈಲಿದ್ರೆ ಎಲ್ಲಿ ಹೋದ್ರೂ ಕೆಲಸ ಕೊಡ್ತಾರೆ.”

ಅವಳು ಪೆನ್ನು ತೆಗೆದುಕೊಂಡು ಖಾಲಿ ಬಿಟ್ಟಿದ್ದ ಜಾಗದಲ್ಲಿ “ತಿಳಿಯದು” ಎಂದು ಬರೆದಳು. ಅದರ ಕೆಳಗೆ, ಮಕ್ಕಳು ಒಂದಲ್ಲ, ತಿಳಿದಂತೆ ನಾಲ್ಕು, ಎಂದು ತಿದ್ದಿದಳು. ಆಮೇಲೆ ಸಹಿ ಮಾಡಿದಳು.